ಮೂರೂವರೆ ಸೆಕೆಂಡಿನ ಕೊನೆಯ ಟಿಂಗ್

ಹೊಲಿಗೆ ಮಿಷನ್ ರಿಪೇರಿಯ ಮೇಸ್ತ್ರಿಗೆ ಬೀದಿಯವರು ಇಟ್ಟ ಹೆಸರು ಅನುಮಾನ ಮೇಸ್ತ್ರಿ. ಹಾಗೆ ಹೆಸರಿಟ್ಟವರು ಯಾರು ಎಂಬುದರ ಮೇಲೂ ಅವನಿಗೆ ಒಂದು ಅನುಮಾನವಿತ್ತು, ಆ ಮಾತು ಬೇರೆ.

ಎಣ್ಣೆ ಡಬ್ಬಿ ಕೊಂಡರೆ ಮೂಸಿ ನೋಡುತ್ತಿದ್ದ. ಚಹಾ ತಂದುಕೊಟ್ಟರೆ ಲೋಟವನ್ನು ಬೆಳಕಿಗೆ ಹಿಡಿಯುತ್ತಿದ್ದ. ಯಾರಾದರೂ ಸುಮ್ಮನೆ ನಕ್ಕು ಹೋದರೆ ಅವತ್ತು ಮಧ್ಯಾಹ್ನದ ಊಟ ಅವನಿಗೆ ರುಚಿಸುತ್ತಿರಲಿಲ್ಲ. ಈಚೆಗಂತೂ ಈ ಚಾಳಿ ಅತಿಯಾಗಿತ್ತು. ಹೆಂಡತಿ, ಮಗಳು, ಎದುರಂಗಡಿಯ ಟೈಲರಮ್ಮ, ಎಲ್ಲರೂ ತನ್ನ ಹತ್ತಿರ ಬಂದಾಗ ಬೇಕೆಂದೇ ದನಿ ತಗ್ಗಿಸಿ ಮಾತಾಡುತ್ತಾರೆ ಎಂದು ಅವನಿಗೆ ಅನ್ನಿಸತೊಡಗಿತ್ತು. "ಗುಸುಗುಸು ಏನೇ ಅದು?" ಎಂದು ಗದರಿದರೆ ಹೆಂಡತಿ, "ಅಯ್ಯೋ ರಾಮಾ, ಅನ್ನಕ್ಕೆ ಇಡ್ಲಾ ಅಂತ ಮೂರು ಸಲ ಕೇಳ್ದೆ ಕಣ್ರೀ!" ಎಂದು ಹಣೆ ಚಚ್ಚಿಕೊಳ್ಳುತ್ತಿದ್ದಳು.

ಆದರೆ ನ್ಯಾಯವಾಗಿ ಹೇಳಬೇಕೆಂದರೆ, ಕಸುಬಿನಲ್ಲಿ ಈ ಅನುಮಾನವೇ ಅವನ ಬಂಡವಾಳ. ಬೆಲ್ಟ್ ಹೋಗಿದೆ ಎಂದು ಗಿರಾಕಿ ಹೇಳಿದರೆ ನಂಬುತ್ತಿರಲಿಲ್ಲ. ಕಣ್ಣು ಮುಚ್ಚಿ, ಮಿಷನ್ನಿನ ಬೆನ್ನಿಗೆ ಕಿವಿ ಆನಿಸಿ, ಕೈಚಕ್ರವನ್ನು ಮೆಲ್ಲಗೆ ತಿರುಗಿಸುತ್ತಿದ್ದ. "ಬೆಲ್ಟೂ ಅಲ್ಲ, ಗಿಲ್ಟೂ ಅಲ್ಲ. ಶಟಲ್‌ನಲ್ಲಿ ದಾರದ ಚೂರು ಸಿಕ್ಕಿಕೊಂಡಿದೆ" ಎನ್ನುತ್ತಿದ್ದ. ಬಿಚ್ಚಿ ನೋಡಿದರೆ ಅದೇ ಇರುತ್ತಿತ್ತು. ನಲವತ್ತೈದು ವರ್ಷ ಹೀಗೇ ಕಳೆದಿತ್ತು. ಸೂಜಿ ಬಿದ್ದ ಸದ್ದು ಕೇಳಿ ಅದು ಹದಿನಾಲ್ಕನೇ ನಂಬರೋ ಹದಿನಾರನೇ ನಂಬರೋ ಹೇಳಬಲ್ಲೆ ಎಂದು ಜಂಬ ಕೊಚ್ಚುತ್ತಿದ್ದ. ಒಂದು ಕಾಲದಲ್ಲಿ ಅದು ನಿಜವೂ ಆಗಿತ್ತು. ಜನ ಸುಳ್ಳು ಹೇಳುತ್ತಾರೆ, ತನ್ನ ಕಿವಿ ಹೇಳುವುದಿಲ್ಲ ಎಂಬ ಒಂದೇ ನಂಬಿಕೆಯ ಮೇಲೆ ಅವನು ಅರವತ್ತೊಂದು ವರ್ಷ ಮುಟ್ಟಿದ್ದ.

ಆ ಕಿವಿಯ ಮಾತು ಕೇಳಿಯೇ ಅವನು ಕುಳ್ಳನನ್ನು ಕಳೆದುಕೊಂಡಿದ್ದು. ಕುಳ್ಳ ಅವನ ಪಾಲುದಾರ. ಇಪ್ಪತ್ತು ವರ್ಷ ಒಂದೇ ಅಂಗಡಿ, ಒಂದೇ ಬೆಂಚು, ಒಂದೇ ಡಬ್ಬಿಯ ಊಟ. ಏಳು ವರ್ಷದ ಹಿಂದೆ ಒಂದು ದಿನ, ಗಿರಾಕಿಯ ಮೋಟಾರು ಮಿಷನ್ ಓಡಿಸಿ ನೋಡಿದ ಕುಳ್ಳ, "ಬೇರಿಂಗ್ ಒಣಗಿದೆ. ಸಣ್ಣಗೆ ಕೀ ಅಂತಿದೆ ನೋಡು, ಬದಲಾಯಿಸ್ಬೇಕು" ಎಂದ. ಮೇಸ್ತ್ರಿ ಕಿವಿ ಇಟ್ಟ. ಏನೂ ಇಲ್ಲ. ಮತ್ತೆ ಇಟ್ಟ. ಆಗಲೂ ಏನೂ ಇಲ್ಲ. ಇಲ್ಲದ ರೋಗ ಹೇಳಿ ಗಿರಾಕಿಯ ಕಣ್ಣಿಗೆ ಮಣ್ಣೆರಚುತ್ತಿದ್ದೀಯಾ ಎಂದು ನಾಲ್ಕು ಜನರ ಎದುರಿಗೆ ಕೇಳಿಬಿಟ್ಟ. ಕುಳ್ಳ ತನ್ನ ಸ್ಕ್ರೂಡ್ರೈವರ್‌ಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟುಹೋದ. ನಾಲ್ಕು ತಿಂಗಳಿಗೆ ಆ ಮಿಷನ್ನಿನ ಬೇರಿಂಗ್ ಸಿಕ್ಕಿಕೊಂಡು ನಿಂತೇ ಹೋಯಿತು. ಮೇಸ್ತ್ರಿ ಅದಕ್ಕೂ ಉತ್ತರ ಹುಡುಕಿ ಊರಿಗೆಲ್ಲ ಹೇಳಿದ: ಕುಳ್ಳನೇ ಹೋಗುವ ಮುಂಚೆ ಒಳಗೆ ಮರಳು ಹಾಕಿರಬೇಕು!

ಈಗ ಕುಳ್ಳ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಬೇರೆ ಅಂಗಡಿ ಇಟ್ಟಿದ್ದಾನೆ. ಮೇಸ್ತ್ರಿ ಆ ಗಲ್ಲಿ ತಪ್ಪಿಸಲು ಅರ್ಧ ಮೈಲಿ ಸುತ್ತು ಹಾಕಿ ನಡೆಯುತ್ತಾನೆ.

ವೀಡಿಯೋ ಚಾನೆಲ್ ಶುರುವಾಗಿದ್ದು ಮಗಳಿಂದ. ಅವಳು ಕಾಲೇಜೊಂದರ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು, ಮದುವೆಯಾಗಿ ನಾಲ್ಕು ಸ್ಟಾಪ್ ಆಚೆ ಇದ್ದಾಳೆ. ಭಾನುವಾರ ಬೆಳಿಗ್ಗೆ ಬಂದು, ಅಪ್ಪನ ಬೆಂಚಿನ ಮೇಲೆ ಫೋನು ನಿಲ್ಲಿಸಿ, "ಹೂಂ, ದಾರ ಯಾಕೆ ತುಂಡಾಗುತ್ತೆ ಹೇಳಪ್ಪ" ಎನ್ನುತ್ತಿದ್ದಳು. ಮೇಸ್ತ್ರಿ ಕ್ಯಾಮೆರಾವನ್ನೂ ಕಳ್ಳಗಣ್ಣಿನಿಂದ ನೋಡುತ್ತ ಹೇಳುತ್ತಿದ್ದ. ಜನಕ್ಕೆ ಅದೇ ಇಷ್ಟವಾಯಿತು. ಎರಡು ವರ್ಷದಲ್ಲಿ ಹನ್ನೊಂದು ಸಾವಿರ ಜನ ಸೇರಿದರು. 'ಮೇಸ್ತ್ರಿ ಮಿಷನ್' ಎಂದು ಚಾನೆಲ್ಲಿನ ಹೆಸರು. ಹನ್ನೊಂದು ಸಾವಿರ ಹಾಗಿರಲಿ, ಮೇಸ್ತ್ರಿಗೆ ಬೇಕಾಗಿದ್ದು ಆ ಭಾನುವಾರ. ಮಗಳು ಪಕ್ಕದಲ್ಲಿ ಕೂತು, "ಅಪ್ಪ, ಕೈ ಅಡ್ಡ ಬಂತು, ಇನ್ನೊಂದ್ಸಲ" ಎನ್ನುವ ಆ ಎರಡು ಗಂಟೆ. ಇದನ್ನು ಅವನು ಬಾಯಿಬಿಟ್ಟು ಹೇಳಿದವನಲ್ಲ.

"ನಮ್ಮ ಚಾನೆಲ್‌ಗೆ ಒಂದು ಗುರುತು ಬೇಕಪ್ಪ. ಶುರುವಲ್ಲಿ ಬರೋ ಪುಟ್ಟ ಲೋಗೋ, ಅದು ಚಲಿಸಬೇಕು, ಜೊತೆಗೊಂದು ಶಬ್ದ. ನೋಡಿದ ತಕ್ಷಣ ಇದು ಮೇಸ್ತ್ರಿದು ಅಂತ ಗೊತ್ತಾಗ್ಬೇಕು" ಎಂದು ಮಗಳು ಒಂದು ದಿನ ಅನಿಮೇಷನ್ ಮಾಡುವ ಹುಡುಗಿಯೊಬ್ಬಳನ್ನು ಕರೆತಂದಳು. ಪುಸ್ತಕದಂಗಡಿಯ ಮೇಲಿನ ಕೋಣೆಯಲ್ಲಿ ಕೂತು ಇಂಥದ್ದನ್ನೇ ಮಾಡುವವಳು. ಕಿವಿಯ ಮೇಲೆ ದಪ್ಪ ಹೆಡ್‌ಫೋನ್, ಕೈಯಲ್ಲಿ ಲ್ಯಾಪ್‌ಟಾಪು.

ಮೇಸ್ತ್ರಿ ತಾನು ಬರೆದಿಟ್ಟುಕೊಂಡಿದ್ದ ಹಾಳೆ ತೆಗೆದ. "ಮೊದಲು ಹೊಗೆ. ಹೊಗೆಯಿಂದ ಭೂಮಿ ತಿರುಗ್ತಾ ಬರ್ಬೇಕು. ಎರಡು ಕತ್ತರಿ ಹಾರಿಬಂದು ಅಡ್ಡಡ್ಡ ಬಡೀಬೇಕು, ಕಿಡಿ ಹಾರ್ಬೇಕು. ಚಿನ್ನದ ಅಕ್ಷರ ಒಂದೊಂದಾಗಿ ಬೀಳ್ಬೇಕು. ಕೊನೆಗೆ ಗುಡುಗು, ಸಿಂಹ."

"ಸಿಂಹ ಯಾಕೆ ಅಂಕಲ್?"

"ಒಂದು ಗಾಂಭೀರ್ಯ ಇರ್ಲಿ ಅಂತ."

ಹುಡುಗಿ ನಗು ತಡೆದುಕೊಂಡಳು. ಮೇಸ್ತ್ರಿ ಅದನ್ನೂ ಗಮನಿಸಿದ. "ಇಷ್ಟೆಲ್ಲ ಬೇಡ ಅಂಕಲ್. ಮೂರು ಸೆಕೆಂಡು, ಹೆಚ್ಚಂದ್ರೆ ಐದು. ಒಂದೇ ಚಲನೆ, ಒಂದೇ ಶಬ್ದ. ಜನ ನಿಮ್ಮ ಮಾತು ಕೇಳಕ್ಕೆ ಬರ್ತಾರೆ, ಇದನ್ನು ನೋಡಕ್ಕಲ್ಲ" ಎಂದಳು.

ಓಹೋ, ಎಂದುಕೊಂಡ ಮೇಸ್ತ್ರಿ. ನಲವತ್ತೈದು ವರ್ಷ ಟೈಲರ್‌ಗಳ ನಡುವೆ ಬದುಕಿದವನಿಗೆ ಈ ಆಟ ಹೊಸದೇ? ಐದು ಮೀಟರ್ ಬಟ್ಟೆ ಇಸಿದುಕೊಂಡು, ಒಂದು ರವಿಕೆ ಹೊಲಿದು ಕೊಟ್ಟು, "ಇದೇ ಫ್ಯಾಷನ್ನು" ಎನ್ನುವವರನ್ನು ಅವನು ಎಷ್ಟು ಜನ ನೋಡಿಲ್ಲ! ಕೆಲಸ ತಪ್ಪಿಸಿಕೊಳ್ಳಲು ಹುಡುಗಿ ಹೂಡಿದ ಉಪಾಯ ಇದು. ಪಟ್ಟು ಬಿಡಲಿಲ್ಲ. ಹುಡುಗಿ ಮಗಳ ಮುಖ ನೋಡಿದಳು, ಮಗಳು ಭುಜ ಕುಣಿಸಿದಳು. ಆ ಭುಜ ಕುಣಿಸಿದ್ದರ ಅರ್ಥವೇನು ಎಂದು ಮೇಸ್ತ್ರಿ ಎರಡು ದಿನ ತಲೆ ಕೆಡಿಸಿಕೊಂಡ.

ಕೊನೆಗೆ ಅವನು ಹೇಳಿದಂತೆಯೇ ತಯಾರಾಯಿತು. ಹದಿನಾಲ್ಕು ಸೆಕೆಂಡು. ಹೊಗೆ, ಭೂಮಿ, ಕಿಡಿ, ಚಿನ್ನ, ಗುಡುಗು, ಸಿಂಹ, ಯಾವುದಕ್ಕೂ ಕೊರತೆಯಿಲ್ಲ. ಮೇಸ್ತ್ರಿಯ ಮುಖ ಇಷ್ಟಗಲವಾಯಿತು. ಅದನ್ನು ಅಂಟಿಸಿದ ಮೂರು ವೀಡಿಯೋ ಹೊರಬಂದವು, ಮೂರೂ ನೆಲ ಕಚ್ಚಿದವು.

ಟೈಲರಮ್ಮ ಅಂಗಡಿ ಬಾಗಿಲಿಗೇ ಬಂದು ಜಗಳ ತೆಗೆದಳು. "ಏನ್ ಮೇಸ್ತ್ರಿಗಳೇ, ಬಾಬಿನ್ನಿಗೆ ದಾರ ಸುತ್ತೋದು ನೋಡೋಣ ಅಂತ ಫೋನ್ ತೆಗೆದ್ರೆ ಗುಡುಗು ಹೊಡೀತು! ಮಲಗಿದ್ದ ಮೊಮ್ಮಗು ಎದ್ದು ಕೂತ್ಕೊಳ್ತು. ಆಮೇಲೆ ನಿಮ್ಮ ಮಾತು ಬಂತು ನೋಡಿ, ಅದು ಪಿಸುಮಾತು. ಅಷ್ಟರಲ್ಲಿ ನಾನು ಸೌಂಡ್ ಪೂರ್ತಿ ಇಳಿಸಿದ್ದೆ."

ಮುಂದಿನ ಭಾನುವಾರ ಮಗಳು ಫೋನಿನಲ್ಲಿ ಒಂದು ಗೆರೆ ತೋರಿಸಿದಳು. ಜನ ಎಷ್ಟು ಹೊತ್ತು ನೋಡಿದರು ಎಂದು ಚಾನೆಲ್ಲೇ ಬರೆದುಕೊಡುವ ಗೆರೆ. ಶುರುವಿನಲ್ಲಿ ಮೇಲಿದ್ದ ಗೆರೆ ಮೆಟ್ಟಿಲಿಂದ ಜಾರಿದಂತೆ ಕೆಳಗೆ ಬಿದ್ದಿತ್ತು. "ನೋಡಪ್ಪ, ನೂರಕ್ಕೆ ನಲವತ್ತೊಂದು ಜನ ನೀನು ಬಾಯಿ ತೆಗೆಯೋದ್ರೊಳಗೇ ಎದ್ದು ಹೋಗಿದ್ದಾರೆ. ನಿನ್ನ ಸಿಂಹದ ಮುಖಾನೂ ನೋಡಿಲ್ಲ."

ಮೇಸ್ತ್ರಿ ಗೆರೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಇದನ್ನ ಯಾರು ಬರೆದಿದ್ದು? ಆ ಹುಡುಗೀನಾ? ನೀವಿಬ್ರೂ ಸೇರ್ಕೊಂಡು..."

"ಅಪ್ಪಾ."

ಮಗಳು ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. "ಎರಡು ವರ್ಷದಿಂದ ನನ್ನ ಒಂದೊಂದು ಭಾನುವಾರಾನೂ ನಿನಗೆ ಕೊಟ್ಟಿದ್ದೀನಿ. ಇನ್ನೊಂದ್ಸಲ ನನ್ನ ಮೇಲೆ ಅನುಮಾನ ಪಟ್ಟೆ ಅಂದ್ರೆ, ಚಾನೆಲ್ಲಿನ ಪಾಸ್‌ವರ್ಡ್ ಚೀಟೀಲಿ ಬರೆದಿಟ್ಟು ಹೋಗ್ತೀನಿ. ಭಾನುವಾರ ಬರಲ್ಲ. ಕುಳ್ಳಣ್ಣನ ಕಳಿಸಿದ ಹಾಗೆ ನನ್ನೂ ಕಳಿಸ್ಬಿಡು."

ಮಗಳು ಆಡಿದ ಮಾತನ್ನು ಮಾಡುವವಳು, ಆ ವಿಷಯದಲ್ಲಿ ಅವಳು ಅಪ್ಪನದೇ ಅಚ್ಚು. ಅವತ್ತಿನಿಂದ ಮೇಸ್ತ್ರಿ ಬಾಯಿಗೆ ಬೀಗ ಹಾಕಿಕೊಂಡ. ಅನುಮಾನ ಬಂದಾಗಲೆಲ್ಲ ಮೇಜಿನ ಮೇಲಿನ ಬಾಬಿನ್‌ಗಳನ್ನು ಸಾಲಾಗಿ ಜೋಡಿಸುತ್ತ ಕೂರುತ್ತಿದ್ದ. ಒಂದು ವಾರದಲ್ಲಿ ಅವನ ಮೇಜು ಹಿಂದೆಂದೂ ಇಲ್ಲದಷ್ಟು ಅಚ್ಚುಕಟ್ಟಾಯಿತು.

ಹುಡುಗಿ ಮತ್ತೆ ಬಂದಳು. ಈ ಸಲ ತಾನು ಹೇಳಿದಂತೆ ಮಾಡುವುದಾದರೆ ಮಾತ್ರ ಎಂದು ಮೊದಲೇ ಮಾತು ತೆಗೆದುಕೊಂಡಳು. ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬಿಡಿಸಿ ತೋರಿಸಿದಳು. "ಖಾಲಿ ತೆರೆ. ಸೂಜಿ ಒಂದೇ. ಎರಡು ಸಲ ಕೆಳಗೆ ಮೇಲೆ ಹೋಗುತ್ತೆ. ಅದರ ದಾರ ಓಡಿ ನಿಮ್ಮ ಹೆಸರಾಗುತ್ತೆ. ಆ ಹೆಸರು ಒಂದು ಸೆಕೆಂಡು ಅಲ್ಲಾಡದೆ ನಿಲ್ಲುತ್ತೆ, ಓದಕ್ಕೆ ಟೈಮ್ ಬೇಕಲ್ಲ. ಒಟ್ಟು ಮೂರೂವರೆ ಸೆಕೆಂಡು. ಎರಡೇ ಬಣ್ಣ, ದಪ್ಪ ಅಕ್ಷರ. ಜನ ನೋಡೋದು ಅಂಗೈಯಷ್ಟು ಫೋನಲ್ಲಿ, ಸಿನಿಮಾ ಪರದೇಲಿ ಅಲ್ಲ ಅಂಕಲ್."

"ಇದು ಬರೋಕೆ ಮುಂಚೆ ನೀನು ಇವತ್ತೇನು ತೋರಿಸ್ತೀಯ ಅಂತ ಒಂದೆರಡು ಮಾತಲ್ಲಿ ಹೇಳ್ಬಿಡ್ತೀಯ. ಆಮೇಲೆ ಈ ಲೋಗೋ. ಹಾಗಾದ್ರೆ ಜನ ಕಾಯ್ತಾರೆ" ಎಂದಳು ಮಗಳು.

"ಶಬ್ದ?" ಎಂದ ಮೇಸ್ತ್ರಿ. ಅವನಿಗೆ ಎಲ್ಲಕ್ಕಿಂತ ಮುಖ್ಯ ಅದೇ.

"ಶಬ್ದ ನಿಮ್ಮ ಅಂಗಡೀದೇ. ಗುಡುಗು ಗಿಡುಗು ಬೇಡ. ಅಂಥ ದಪ್ಪ ಶಬ್ದ ಫೋನಿನ ಪುಟ್ಟ ಸ್ಪೀಕರ್‌ನಲ್ಲಿ ಬರೋದೇ ಇಲ್ಲ, ಬರೀ ತಗಡು ಬಡಿದ ಹಾಗೆ ಕೇಳುತ್ತೆ. ಮಿಷನ್ನಿಂದು ಎರಡು ಟಕ್. ಕೊನೆಗೆ, ಹೆಸರು ನಿಲ್ಲೋ ಹೊತ್ತಿಗೆ ಸರಿಯಾಗಿ, ಸೂಜಿ ಬಿದ್ದಂಗೆ ಒಂದು ಟಿಂಗ್. ಅಷ್ಟೇ. ನಿಮ್ಮ ಮಾತು ಎಷ್ಟು ಜೋರಾಗಿದೆಯೋ ಅಷ್ಟೇ ಜೋರು, ಅದಕ್ಕಿಂತ ಒಂದು ಗುಂಜಿ ಜಾಸ್ತಿ ಇಲ್ಲ."

ಸೂಜಿಯ ಸದ್ದು ಎಂದಾಗ ಮೇಸ್ತ್ರಿಯ ಒಳಗೇನೋ ಕರಗಿತು. ಫ್ಯಾನ್ ಆರಿಸಿದರು, ಬಾಗಿಲು ಹಾಕಿದರು. ಹುಡುಗಿ ಮಡಚಿದ ಬಟ್ಟೆಯ ಮೇಲೆ ಮೈಕ್ ಇಟ್ಟಳು. ಮೇಸ್ತ್ರಿ ಕೈಚಕ್ರ ತಿರುಗಿಸಿ ಎರಡೇ ಹೊಲಿಗೆ ಹಾಕಿದ. ಆಮೇಲೆ ಹದಿನಾರನೇ ನಂಬರಿನ ಸೂಜಿಯೊಂದನ್ನು ಗೇಣೆತ್ತರದಿಂದ ಉಕ್ಕಿನ ತಟ್ಟೆಯ ಮೇಲೆ ಬಿಟ್ಟ. ಅದು ಬಿದ್ದು, ಪುಟಿದು, ಉರುಳಿತು. "ಆಹಾ, ಏನ್ ಚೆನ್ನಾಗಿದೆ! ಇದನ್ನ ಇನ್ನೊಂಚೂರು ಮೇಲಿನ ಸ್ಥಾಯಿಗೆ ಏರಿಸ್ತೀನಿ, ಮಿಂಚಿದ ಹಾಗಿರುತ್ತೆ" ಎಂದಳು ಹುಡುಗಿ. ಮೇಸ್ತ್ರಿ ಹೆಮ್ಮೆಯಿಂದ ಮೀಸೆ ಸವರಿಕೊಂಡ.

ಗುರುವಾರ ಮಗಳು ಅದನ್ನು ಫೋನಿಗೆ ಕಳಿಸಿದಳು. ಮೇಸ್ತ್ರಿ ಒತ್ತಿದ. ಸೂಜಿ ಇಳಿಯಿತು. ಟಕ್. ಏರಿ ಮತ್ತೆ ಇಳಿಯಿತು. ಟಕ್. ದಾರ ಓಡಿ ಹೆಸರಾಯಿತು. ಹೆಸರು ನಿಂತಿತು, ಮುಗಿಯಿತು.

ಟಿಂಗ್ ಎಲ್ಲಿ?

ಮತ್ತೆ ಒತ್ತಿದ. ಟಕ್, ಟಕ್, ಮೌನ. ಸೌಂಡು ಏರಿಸಿದ. ಟಕ್ಕುಗಳು ಸುತ್ತಿಗೆಯಂತೆ ಬಡಿದವು, ಅವುಗಳ ಹಿಂದೆ ಮತ್ತದೇ ಮೌನ. ಹತ್ತು ಸಲ ನೋಡಿದ. ಹತ್ತನೇ ಸಲಕ್ಕೆ ಅವನಿಗೆ ಎಲ್ಲವೂ ಸ್ಪಷ್ಟವಾಗಿತ್ತು. ನನ್ನ ಕೈಯಿಂದಲೇ ಸೂಜಿ ಬೀಳಿಸಿ, ಆಹಾ ಓಹೋ ಎಂದು ಹೊಗಳಿ, ಆ ಸದ್ದನ್ನು ಹಾಕದೆಯೇ ಕಳಿಸಿದ್ದಾರೆ! ಕೇಳಿದರೆ ಇದೆ ಎನ್ನುತ್ತಾರೆ, ಮುದುಕನಿಗೆ ಏನು ಗೊತ್ತಾಗುತ್ತೆ ಎಂದು ನಗುತ್ತಾರೆ.

ಕೇಳುವಂತೆಯೂ ಇಲ್ಲ, ಕೇಳಿದರೆ ಭಾನುವಾರ ಹೋಗುತ್ತದೆ. ಹೆಂಡತಿಯ ಹತ್ತಿರ ಹೋಗಿ, ಏನೂ ಇಲ್ಲದವನ ಹಾಗೆ ಫೋನು ಹಿಡಿದ. "ಹೇಗಿದೆಯೇ ಇದು?"

"ಚೆನ್ನಾಗಿದೆ ಕಣ್ರೀ! ಆ ಕೊನೇಲಿ ಟಿಂಗ್ ಅಂತಲ್ಲ, ಅದು ಮುದ್ದಾಗಿದೆ."

ಸರಿ, ಇವಳನ್ನೂ ಸೇರಿಸಿಕೊಂಡಿದ್ದಾರೆ ಎಂದುಕೊಂಡ. ತಾಯಿ ಮಗಳು ಯಾವತ್ತಿದ್ದರೂ ಒಂದೇ ಕಡೆ. ಟೈಲರಮ್ಮನಿಗೆ ತೋರಿಸಿದ. ಅವಳಿಗೆ ಮೊನ್ನೆಯ ಸಿಟ್ಟು ಇನ್ನೂ ಇಳಿದಿರಲಿಲ್ಲ, ಅವಳು ಸುಳ್ಳು ಹೇಳಲಾರಳು. "ಈಗ ಸರಿಯಾಗಿದೆ ನೋಡಿ. ಮಗು ಮಲಗಿದ್ರೂ ಚಿಂತೆ ಇಲ್ಲ. ಟಿಂಗ್!" ಎಂದು ಬೆರಳಿಂದ ಗಾಳಿಯಲ್ಲಿ ತಟ್ಟಿ ತೋರಿಸಿದಳು. ಮಗಳು ಇಷ್ಟು ದೂರ ಬಂದು ಇವಳಿಗೂ ಹೇಳಿಕೊಟ್ಟು ಹೋಗಿದ್ದಾಳೆಯೇ? ಶುಕ್ರವಾರ ವೀಡಿಯೋ ಹೊರಬಂತು. ಗೆರೆ ಈ ಸಲ ಜಾರಲಿಲ್ಲ. ಅದರ ಕೆಳಗೆ ಮುಖ ಪರಿಚಯವೇ ಇಲ್ಲದ ಜನ ಬರೆದಿದ್ದರು: ಆ ಟಿಂಗ್ ಸೂಪರ್, ಮೇಸ್ತ್ರಿ. ಇವರೆಲ್ಲ ಯಾರು? ಒಬ್ಬೊಬ್ಬರ ಹೆಸರನ್ನೂ ಒತ್ತಿ ಒತ್ತಿ ನೋಡುತ್ತ ಇಡೀ ಶನಿವಾರ ಕಳೆದ. ಗಿರಾಕಿ ಬಂದು ನಿಂತು ಹೋದದ್ದೂ ಗೊತ್ತಾಗಲಿಲ್ಲ.

ಭಾನುವಾರ ಮಗಳೂ ಹುಡುಗಿಯೂ ಒಟ್ಟಿಗೇ ಬಂದರು. ಒಟ್ಟಿಗೇ! ಒಳಗೆ ಬರುತ್ತ ಏನೋ ಮಾತಾಡಿಕೊಂಡು ನಕ್ಕರು. ಮೇಸ್ತ್ರಿಗೆ ಕೇಳಿಸಿದ್ದು ನಗು ಮಾತ್ರ. ಬಾಬಿನ್‌ಗಳನ್ನು ಜೋಡಿಸಲು ಹೋದ, ಸಾಲು ಚೆಲ್ಲಾಪಿಲ್ಲಿಯಾಯಿತು.

"ಅಪ್ಪ, ಜನಕ್ಕೆ ಎಷ್ಟು ಇಷ್ಟ ಆಗಿದೆ ನೋಡಿದ್ಯಾ?"

"ನೋಡ್ದೆ. ಎಲ್ಲಾ ನೋಡ್ದೆ. ಎಷ್ಟು ಜನಕ್ಕೆ ಹೇಳಿಕೊಟ್ಟೆ ಮಗಳೇ? ನಿಮ್ಮಮ್ಮಂಗೆ ಹೇಳಿದೆ, ಟೈಲರಮ್ಮಂಗೆ ಹೇಳಿದೆ. ಇಲ್ಲದ ಟಿಂಗ್ ಇದೆ ಅಂತ ನನ್ನ ಕಿವಿಗೆ ಹೂವು ಇಡ್ತಿದ್ದೀರಾ? ನಾನೇನು ನಿಮ್ಮ ಕೈಗೊಂಬೇನಾ?"

ಮಗಳ ಮುಖದಲ್ಲಿ ಮೊದಲು ಏನೂ ಕಾಣಲಿಲ್ಲ. ಆಮೇಲೆ ಕಣ್ಣು ತುಂಬಿಕೊಂಡವು. ಅವಳು ಫೋನನ್ನು ಬ್ಯಾಗಿಗೆ ಹಾಕಿ, ಮೇಜಿನ ಮೇಲಿದ್ದ ಬಿಲ್ ಪುಸ್ತಕದ ಹಿಂದಿನ ಹಾಳೆ ಹರಿದು, ಪೆನ್ನು ತೆಗೆದಳು. ಪಾಸ್‌ವರ್ಡ್ ಬರೆಯಲು ಶುರುಮಾಡಿದಳು.

ಹುಡುಗಿ ಗಾಬರಿಯಿಂದ ಲ್ಯಾಪ್‌ಟಾಪ್ ತೆರೆದು ಮೇಸ್ತ್ರಿಯ ಮುಂದೆ ಹಿಡಿದಳು. "ಅಂಕಲ್, ಇಲ್ನೋಡಿ. ಇದು ಶಬ್ದದ ಚಿತ್ರ. ಇದೊಂದು ಟಕ್, ಇದೊಂದು ಟಕ್. ಇಲ್ಲಿ ಕೊನೇಲಿ ಮೊನಚಾಗಿ ಎದ್ದಿದೆಯಲ್ಲ, ಅದೇ ಟಿಂಗ್. ಇದೆ ಅಂಕಲ್, ನನ್ನಾಣೆ."

"ಚಿತ್ರ ಯಾರು ಬೇಕಾದ್ರೂ ಬರೀಬಹುದು. ಸಿಂಹಾನೇ ಬರೆದವಳು ನೀನು" ಎಂದ ಮೇಸ್ತ್ರಿ.

ಮಗಳ ಪೆನ್ನು ನಿಂತಿತು. ತಲೆಯೆತ್ತಿ ಅಪ್ಪನನ್ನು ನೋಡಿದಳು. ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು ಏನನ್ನೋ ಮೊದಲ ಸಲ ಗಮನಿಸಿದಂತೆ ನೋಡಿದಳು. ಬರೆಯುತ್ತಿದ್ದ ಚೀಟಿಯನ್ನು ಪಕ್ಕಕ್ಕಿಟ್ಟು, ಪೊಟ್ಟಣದಿಂದ ಕೆಲವು ಸೂಜಿ ತೆಗೆದಳು.

"ಅಪ್ಪ, ಕಣ್ಣು ಮುಚ್ಕೋ. ಈ ಸೂಜಿಗಳನ್ನ ಒಂದೊಂದಾಗಿ ತಟ್ಟೆ ಮೇಲೆ ಬಿಡ್ತೀನಿ. ಬಿದ್ದಾಗ ಹೂಂ ಅನ್ನು. ಎಷ್ಟನೇ ನಂಬರು ಅಂತಾನೂ ಹೇಳು."

"ಇದೇನು ಮಕ್ಕಳಾಟ?"

"ಆಡು. ಆಮೇಲೆ ಹೋಗ್ತೀನಿ."

ಮೇಸ್ತ್ರಿ ಕಣ್ಣು ಮುಚ್ಚಿದ. ಇದು ಅವನ ಸ್ವಂತ ರಾಜ್ಯ, ಇಲ್ಲಿ ಅವನನ್ನು ಸೋಲಿಸುವವರಿಲ್ಲ. ಕಿವಿ ನಿಮಿರಿಸಿದ. ಬೀದಿಯಲ್ಲಿ ಗಾಡಿ ಹೋಯಿತು. ಟೈಲರಮ್ಮನ ಮಿಷನ್ ಓಡುತ್ತಿತ್ತು. ಗೋಡೆಯಾಚೆ ಯಾರೋ ಬಾಗಿಲು ಬಡಿದರು. ಅವನು ಕಾದ. ಕಾದು ಕಾದು ಸಾಕಾಯಿತು.

"ಬಿಡೇ, ಎಷ್ಟು ಹೊತ್ತು?"

ಅವನು ಕಣ್ಣು ಬಿಟ್ಟ. ಉಕ್ಕಿನ ತಟ್ಟೆಯ ಮೇಲೆ ಐದು ಸೂಜಿ ಬಿದ್ದಿದ್ದವು. ಮಗಳ ಕೈ ಖಾಲಿಯಾಗಿತ್ತು.

ಮೊದಲು ಅವನಿಗೆ ಬಂದದ್ದು ಅನುಮಾನವೇ. ಮೆಲ್ಲಗೆ ಇಟ್ಟಿರಬೇಕು ಎನಿಸಿತು. ತಾನೇ ಒಂದು ಸೂಜಿ ತೆಗೆದು, ಮುಖ ಗೋಡೆಯ ಕಡೆ ತಿರುಗಿಸಿ, ಎತ್ತರದಿಂದ ಬಿಟ್ಟ. ಇನ್ನೊಂದು ಬಿಟ್ಟ. ಬೆರಳಿಂದ ಸೂಜಿ ಜಾರಿದ್ದು ಗೊತ್ತಾಯಿತು, ಅಷ್ಟೆ. ಇಷ್ಟು ವರ್ಷ ಅವನು ಸೂಜಿಯ ಸದ್ದನ್ನು ಕಣ್ಣಿನಿಂದ ಕೇಳುತ್ತಿದ್ದ. ಬಿದ್ದದ್ದು ಕಂಡರೆ ಕೇಳಿದಂತೆ ಆಗುತ್ತಿತ್ತು.

"ವಯಸ್ಸಾದಾಗ ತೀರಾ ಸಣ್ಣ ಶಬ್ದ, ತೆಳು ಶಬ್ದ ಮೊದಲು ಹೋಗುತ್ತಪ್ಪ. ಮಿಷನ್ನುಗಳ ಮಧ್ಯೆ ಇದ್ದವರಿಗೆ ಇನ್ನೂ ಬೇಗ. ಟಕ್ ಅನ್ನೋದು ಕೇಳುತ್ತೆ, ಟಿಂಗ್ ಅನ್ನೋದು ಕೇಳಲ್ಲ" ಎಂದಳು ಮಗಳು. ಅವಳ ದನಿ ಮೆತ್ತಗಾಗಿತ್ತು, ಆದರೂ ಅಪ್ಪನಿಗೆ ಕೇಳಿಸಲೆಂದು ಬಿಡಿಬಿಡಿಸಿ ಹೇಳಿದಳು. "ನಾವು ಯಾರೂ ಪಿಸುಗುಟ್ತಿರ್ಲಿಲ್ಲ ಅಪ್ಪ."

ಮೇಸ್ತ್ರಿ ಸ್ಟೂಲಿನ ಮೇಲೆ ಕುಸಿದ. ಅವನಿಗೆ ಅಳು ಬಂತು, ನಾಚಿಕೆಯೂ ಆಯಿತು. ಜಗತ್ತೆಲ್ಲ ಸುಳ್ಳು ಹೇಳಿದರೂ ಇದೊಂದು ಹೇಳುವುದಿಲ್ಲ ಎಂದುಕೊಂಡಿದ್ದ, ಅದೇ ಕೈಕೊಟ್ಟಿತ್ತು. ಕೈಕೊಟ್ಟು ಎಷ್ಟು ದಿನವಾಯಿತು? ಈ ಪ್ರಶ್ನೆ ಬಂದದ್ದೇ ತಡ, ಏಳು ವರ್ಷದ ಹಿಂದಿನ ಮಾತು ನೆನಪಾಯಿತು. ಸಣ್ಣಗೆ ಕೀ ಅಂತಿದೆ ನೋಡು, ಎಂದಿದ್ದ ಕುಳ್ಳ.

"ತಪ್ಪಾಯ್ತು ಮಗಳೇ" ಎಂದ. ಇದನ್ನು ಅವನು ಜೀವಮಾನದಲ್ಲಿ ಎಷ್ಟು ಸಲ ಹೇಳಿದ್ದನೋ, ಎಣಿಸಲು ಒಂದು ಕೈಯ ಬೆರಳೂ ಬೇಕಾಗಿರಲಿಲ್ಲ. "ಆ ಚೀಟಿ ಹರಿದು ಹಾಕ್ತೀಯಾ?"

ಮಗಳು ಚೀಟಿ ಹರಿಯಲಿಲ್ಲ. ಮಡಚಿ ಅಪ್ಪನ ಅಂಗಿಯ ಜೇಬಿಗೆ ಹಾಕಿದಳು. "ಇಟ್ಕೊಂಡಿರು. ಮುಂದಿನ ಭಾನುವಾರ ಬರ್ತೀನಿ. ಆಗ ವಾಪಸ್ ಕೊಡು."

ಹುಡುಗಿ ಮೂಗು ಒರೆಸಿಕೊಂಡು, "ಅಂಕಲ್, ಇದನ್ನ ಇಳಿಸೋದು ಒಂದು ನಿಮಿಷದ ಕೆಲಸ. ನಾನೇ ತಪ್ಪು ಮಾಡ್ದೆ, ತುಂಬ ಮೇಲಕ್ಕೆ ಏರಿಸಿದ್ದೆ. ನಿಮ್ಮ ವೀಡಿಯೋ ನೋಡೋರಲ್ಲಿ ನಿಮ್ಮ ವಯಸ್ಸಿನೋರೂ ಇದ್ದಾರಲ್ಲ. ಕೆಳಗಿನ ಸ್ಥಾಯಿಗೆ ತರ್ತೀನಿ, ಎಲ್ರಿಗೂ ಕೇಳುತ್ತೆ" ಎಂದಳು.

"ತಾ. ಆದ್ರೆ ಇವತ್ತು ಬೇಡ. ಈ ಫೋನಲ್ಲಿರೋದನ್ನ ಇವತ್ತೊಂದು ದಿನ ಹೀಗೇ ಬಿಡಮ್ಮ. ನನಗೆ ಇದು ಬೇಕು."

ಅವನು ಅವತ್ತು ಸುತ್ತು ಹಾಕಲಿಲ್ಲ. ಬಸ್ ನಿಲ್ದಾಣದ ಹಿಂದಿನ ಗಲ್ಲಿಗೆ ನೇರವಾಗಿ ನಡೆದ. ಕುಳ್ಳನ ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು. ಕುಳ್ಳ ಮೋಟಾರು ಮಿಷನ್ನೊಂದರ ಮುಂದೆ ಕೂತಿದ್ದ. ತಲೆ ಪೂರ್ತಿ ನರೆತಿತ್ತು. ಬಾಗಿಲಲ್ಲಿ ನಿಂತವನನ್ನು ಕಂಡು ಎದ್ದು ನಿಂತ, ಮುಖ ಮಾತ್ರ ಗಂಟಿಕ್ಕಿಕೊಂಡೇ ಇತ್ತು. ಮೇಸ್ತ್ರಿಯ ಬೆನ್ನ ಹಿಂದೆ ಗಲ್ಲಿಯತ್ತ ಇಣುಕಿದ.

"ಕ್ಯಾಮೆರಾ ಎಲ್ಲಿ? ಇದನ್ನೂ ವೀಡಿಯೋ ಮಾಡ್ತಿದ್ದೀಯಾ?"

"ಇಲ್ಲ ಕಣೋ. ಒಬ್ನೇ ಬಂದಿದ್ದೀನಿ."

"ಯಾಕೆ? ಈಗ ಏನು ಕದ್ದೆ ನಾನು?"

ಆ ಮಾತು ಅವನಿಗೆ ತಾಗಿತು, ತಾಗಲೇಬೇಕಿತ್ತು. ಮೇಸ್ತ್ರಿ ಫೋನು ತೆಗೆದು ಒತ್ತಿದ. ಸೂಜಿ ಎರಡು ಸಲ ಇಳಿಯಿತು, ದಾರ ಓಡಿತು, ಹೆಸರು ನಿಂತಿತು.

"ಏನ್ ಕೇಳಿಸ್ತು ಹೇಳು."

ಕುಳ್ಳ ಅವನನ್ನು ಮೇಲಿಂದ ಕೆಳಗೆ ನೋಡಿದ. ಇದರಲ್ಲಿ ಯಾವ ಬಲೆ ಇದೆಯೋ ಎಂದು ಹುಡುಕುವವನ ಹಾಗೆ, ಒಂದೊಂದೇ ಮಾತು ಆಡಿದ. "ಎರಡು ಹೊಲಿಗೆ. ಆಮೇಲೆ ಸೂಜಿ. ಸೂಜಿ ಬಿದ್ದ ಸದ್ದು. ಯಾಕೆ?"

"ನನಗೆ ಅದು ಕೇಳ್ಸಲ್ಲ." ಮೇಸ್ತ್ರಿ ಫೋನು ಇಳಿಸಿದ. "ಇವತ್ತು ಗೊತ್ತಾಯ್ತು. ಆ ದಿನ ನೀನು ಬೇರಿಂಗ್ ಕೀ ಅಂತಿದೆ ಅಂದ್ಯಲ್ಲ, ಅದೂ ಕೇಳಿಸಿರ್ಲಿಲ್ಲ. ನೀನು ಸುಳ್ಳು ಹೇಳಿರ್ಲಿಲ್ಲ ಕುಳ್ಳ. ನನ್ನ ಕಿವೀನೇ ಹೇಳಿದ್ದು. ನಾಲ್ಕು ಜನರ ಮುಂದೆ ನಿನ್ನ ಮಾನ ಕಳೆದೆ, ನೀನೇ ಮರಳು ಹಾಕಿದ್ದು ಅಂತ ಊರಿಗೆಲ್ಲ ಸಾರಿದೆ. ತಪ್ಪಾಯ್ತು ಅನ್ನಕ್ಕೂ ನನಗೆ ಮುಖ ಇಲ್ಲ."

ಕುಳ್ಳ ಫೋನನ್ನು ಅವನ ಕೈಯಿಂದ ತೆಗೆದುಕೊಂಡು, ತಾನೇ ಇನ್ನೊಂದು ಸಲ ಒತ್ತಿ ಕೇಳಿದ.

"ಎಷ್ಟಿದೆ ಇದು? ನಾಲ್ಕು ಸೆಕೆಂಡಾ?"

"ಮೂರೂವರೆ."

"ಮೂರೂವರೆ ಸೆಕೆಂಡು ಕೇಳಕ್ಕೆ ಏಳು ವರ್ಷ ತಗೊಂಡ್ಯಲ್ಲೋ, ಪುಣ್ಯಾತ್ಮ" ಎಂದ ಕುಳ್ಳ. ಫೋನು ವಾಪಸು ಕೊಟ್ಟು, ಮುಖ ತಿರುಗಿಸಿ ಮೋಟಾರಿನ ಗುಂಡಿ ಒತ್ತಿದ. ಮಿಷನ್ ಗುಂಯ್‌ಗುಟ್ಟಿತು. ಕುಳ್ಳ ತಲೆ ವಾಲಿಸಿ ಸ್ವಲ್ಪ ಹೊತ್ತು ಕೇಳಿದ.

"ಇದರಲ್ಲೂ ಸಣ್ಣಗೆ ಕೀ ಅಂತಿದೆ. ಬೇರಿಂಗ್ ಹೋಗಿದೆ. ಕೇಳ್ತಿದೆಯಾ?"

ಮೇಸ್ತ್ರಿ ಕಿವಿ ಆನಿಸಲಿಲ್ಲ. "ಇಲ್ಲ" ಎಂದ.

ಕುಳ್ಳ ಗುಂಡಿ ಆರಿಸಿದ. ಇನ್ನೊಂದು ಸ್ಟೂಲನ್ನು ಕಾಲಿನಿಂದ ಮುಂದಕ್ಕೆ ತಳ್ಳಿ, ಸ್ಕ್ರೂಡ್ರೈವರ್ ಚಾಚಿದ. ಮೇಸ್ತ್ರಿ ಕೂತು, ಒಂದು ಪ್ರಶ್ನೆಯನ್ನೂ ಕೇಳದೆ, ಮೋಟಾರಿನ ಮುಚ್ಚಳದ ಮೊದಲ ಸ್ಕ್ರೂ ಸಡಿಲಿಸತೊಡಗಿದ.